ನಾನೂರ ತೊಂಬತ್ತರ ಮೋಹ

ಒಂದು ಕಚೇರಿಯ ಸಿಬ್ಬಂದಿ ಇಡೀ ವರ್ಷ ಸಲ್ಲಿಸಿದ ಖರ್ಚಿನ ಮೊತ್ತಗಳನ್ನೆಲ್ಲ ಒಂದರ ಕೆಳಗೊಂದು ಬರೆದು, ಪ್ರತಿ ಮೊತ್ತದ ಮೊದಲ ಅಂಕಿಯೊಂದನ್ನು ಬಿಟ್ಟು ಉಳಿದುದನ್ನೆಲ್ಲ ಮುಚ್ಚಿಬಿಡಿ. 1,240 ಇದ್ದಲ್ಲಿ 1 ಮಾತ್ರ ಕಾಣಬೇಕು, 86 ಇದ್ದಲ್ಲಿ 8 ಮಾತ್ರ. ಈಗ ಒಂದರಿಂದ ಒಂಬತ್ತರವರೆಗೆ ಯಾವ ಅಂಕಿ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಏನು ಸಿಗಬಹುದು? ಒಂಬತ್ತು ಅಂಕಿಗಳಿವೆ, ಒಂದೊಂದಕ್ಕೂ ನೂರಕ್ಕೆ ಹನ್ನೊಂದರಂತೆ ಪಾಲು ಬಂದೀತು ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉತ್ತರ. ಅದು ತಪ್ಪು. ಖರ್ಚುಗಳು ನಿಜವಾಗಿದ್ದರೆ ನೂರರಲ್ಲಿ ಮೂವತ್ತು ಮೊತ್ತಗಳು 1ರಿಂದ ಶುರುವಾಗುತ್ತವೆ, 2ರಿಂದ ಶುರುವಾಗುವುದು ಹದಿನೇಳೂವರೆಯಷ್ಟು. ಹೀಗೇ ಇಳಿಯುತ್ತ ಹೋಗಿ 9ರ ಪಾಲಿಗೆ ಉಳಿಯುವುದು ಐದಕ್ಕಿಂತ ಕಡಿಮೆ. ಸುಳ್ಳು ಮೊತ್ತ ಬರೆಯುವವನಿಗೆ ಈ ಇಳಿಜಾರು ಗೊತ್ತಿರುವುದಿಲ್ಲ. ಅವನು ತನಗೆ ‘ಸಹಜ’ ಎನಿಸಿದ್ದನ್ನು ಬರೆಯುತ್ತಾನೆ, ಆ ಸಹಜವೇ ಅಸಹಜವಾಗಿರುತ್ತದೆ. ಲೆಕ್ಕಪರಿಶೋಧಕರು ಈ ವ್ಯತ್ಯಾಸವನ್ನು ಬಳಸಿಕೊಳ್ಳತೊಡಗಿ ಮೂರು ದಶಕಗಳಾದವು. ಆದರೆ ಅದು ಏನನ್ನು ಹಿಡಿಯುತ್ತದೆ, ಏನನ್ನು ಹಿಡಿಯಲಾರದು ಎಂಬುದರ ಬಗ್ಗೆ ಉತ್ಸಾಹಿಗಳ ಮಾತು ಸ್ವಲ್ಪ ಹೆಚ್ಚೇ ಆಗಿದೆ. ಈ ಪರೀಕ್ಷೆ ಕಳ್ಳನನ್ನು ತೋರಿಸುವುದಿಲ್ಲ, ಯಾವ ಕಡತ ಬಿಚ್ಚಬೇಕೆಂದು ತೋರಿಸುತ್ತದೆ ಎಂಬುದು ನನ್ನ ವಾದ.

ಇಳಿಜಾರು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ನೂರು ರೂಪಾಯಿ ಬೆಳೆಯುತ್ತ ಹೋಗುತ್ತಿದೆ ಎಂದುಕೊಳ್ಳಿ. ಮೊದಲ ಅಂಕಿ 1ರಿಂದ 2ಕ್ಕೆ ಬದಲಾಗಬೇಕಾದರೆ ಹಣ ದುಪ್ಪಟ್ಟಾಗಬೇಕು. ಅದೇ ಒಂಬೈನೂರು ರೂಪಾಯಿ ಸಾವಿರವಾಗಲು ನೂರಕ್ಕೆ ಹನ್ನೊಂದರಷ್ಟು ಬೆಳೆದರೆ ಸಾಕು. ಅಂದರೆ ಬೆಳೆಯುವ ಯಾವುದೇ ಮೊತ್ತ 1ರ ಮನೆಯಲ್ಲಿ ಬಹಳ ಹೊತ್ತು ಕೂರುತ್ತದೆ, 9ರ ಮನೆಯನ್ನು ಹಾಗೇ ದಾಟಿಬಿಡುತ್ತದೆ. ಸಾವಿರವಾದ ಕೂಡಲೇ ಮತ್ತೆ 1ರ ಮನೆ, ಮತ್ತೆ ದೀರ್ಘ ವಾಸ. ಕ್ಲಾರ್ಕ್ಸ್ ಟೇಬಲ್ ಹಿಡಿದು ಪಿಯುಸಿ ಮುಗಿಸಿದವರಿಗೆ ಈ ಮಾತು ಲಾಗರಿದಮ್ಮಿನ ಭಾಷೆಯಲ್ಲಿ ಇನ್ನೂ ಚಿಕ್ಕದು: 2ರ ಲಾಗ್ 0.301, ಅದೇ 1ರ ಪಾಲು. ಯಾವ ಅಂಕಿಯ ಪಾಲನ್ನಾದರೂ ಒಂದೇ ಸೂತ್ರದಿಂದ ಪಡೆಯಬಹುದು.

```
P(d) = log10(1 + 1/d)
```

ಇದು ಮೊದಲು ಕಣ್ಣಿಗೆ ಬಿದ್ದದ್ದೂ ಲಾಗ್ ಪುಸ್ತಕದಿಂದಲೇ. ಅಮೆರಿಕದ ಖಗೋಳಜ್ಞ ಸೈಮನ್ ನ್ಯೂಕಾಂಬ್ 1881ರಲ್ಲಿ, ಲಾಗರಿದಮ್ ಪುಸ್ತಕಗಳ ಮೊದಲ ಪುಟಗಳು ಕೊನೆಯ ಪುಟಗಳಿಗಿಂತ ಬಹಳ ಬೇಗ ಸವೆಯುತ್ತವೆ ಎಂದು ಗಮನಿಸಿ ಒಂದು ಪುಟ್ಟ ಲೇಖನ ಬರೆದರು. ಅದು ಮರೆತೇಹೋಯಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಭೌತವಿಜ್ಞಾನಿ ಫ್ರಾಂಕ್ ಬೆನ್‌ಫರ್ಡ್ 1938ರಲ್ಲಿ ಅದನ್ನೇ ಮತ್ತೆ ಕಂಡು, ನದಿಗಳ ವಿಸ್ತೀರ್ಣ, ಊರುಗಳ ಜನಸಂಖ್ಯೆ, ಅಣುತೂಕ, ಪತ್ರಿಕೆಗಳಲ್ಲಿ ಅಚ್ಚಾದ ಸಂಖ್ಯೆಗಳು ಹೀಗೆ ಇಪ್ಪತ್ತು ಮೂಲಗಳಿಂದ 20,229 ಸಂಖ್ಯೆಗಳನ್ನು ಕಲೆಹಾಕಿದರು. ಒಟ್ಟಾರೆ 1ರಿಂದ ಶುರುವಾದವು ನೂರಕ್ಕೆ 30.6. ಹೆಸರು ಬೆನ್‌ಫರ್ಡ್‌ಗೆ ಉಳಿಯಿತು, ಮೊದಲು ಕಂಡವರಿಗೆ ದಕ್ಕಲಿಲ್ಲ.

ಖರ್ಚಿನ ಲೆಕ್ಕ ಈ ನಿಯಮಕ್ಕೆ ಯಾಕೆ ಒಗ್ಗಬೇಕು? ಎರಡು ಕಾರಣಗಳಿವೆ. ಒಂದು, ಅದರ ಹರವು. ಸಿಬ್ಬಂದಿಯ ಖರ್ಚಿನಲ್ಲಿ ಇಪ್ಪತ್ತು ರೂಪಾಯಿಯ ಚಹಾ ಇದೆ, ಇನ್ನೂರರ ಆಟೋ ಇದೆ, ಎರಡು ಸಾವಿರದ ಲಾಡ್ಜ್ ಇದೆ, ಇಪ್ಪತ್ತು ಸಾವಿರದ ವಿಮಾನ ಟಿಕೆಟ್ಟೂ ಇದೆ. ಎರಡು, ಈ ಮೊತ್ತಗಳಲ್ಲಿ ಬಹುಪಾಲು ಗುಣಾಕಾರದಿಂದ ಹುಟ್ಟಿದವು: ಕಿಲೋಮೀಟರ್ ಇಂತಿಷ್ಟು, ದರ ಇಂತಿಷ್ಟು, ಊಟ ಇಷ್ಟು, ಜನ ಇಷ್ಟು. ಬೇರೆ ಬೇರೆ ಮೂಲದ, ಬೇರೆ ಬೇರೆ ಸ್ವಭಾವದ ಸಂಖ್ಯೆಗಳು ಬೆರೆತಷ್ಟೂ ಮಿಶ್ರಣ ಬೆನ್‌ಫರ್ಡ್ ಹೇಳಿದ ಇಳಿಜಾರಿಗೆ ಹತ್ತಿರವಾಗುತ್ತದೆ ಎಂದು ಗಣಿತಜ್ಞ ಥಿಯೋಡರ್ ಹಿಲ್ 1995ರಲ್ಲಿ ಸಾಧಿಸಿ ತೋರಿಸಿದರು. ಖರ್ಚಿನ ರಿಜಿಸ್ಟರು ಅಂಥದ್ದೇ ಒಂದು ಕಲಸುಮೇಲೋಗರ.

ಹರವು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕಕ್ಕೆ ಮೂವತ್ತು ಜಿಲ್ಲೆಗಳು. ಅವುಗಳ ಜನಸಂಖ್ಯೆಯ ಮೊದಲ ಅಂಕಿ ಎಣಿಸಿದರೆ, ಸುಮಾರು ಹತ್ತು ಲಕ್ಷದ ಚಾಮರಾಜನಗರದಿಂದ ಹತ್ತೊಂಬತ್ತೂವರೆ ಲಕ್ಷ ಸಮೀಪದ ದಾವಣಗೆರೆಯವರೆಗೆ ಬರೋಬ್ಬರಿ ಇಪ್ಪತ್ತು ಜಿಲ್ಲೆಗಳು 1ರಿಂದ ಶುರುವಾಗುತ್ತವೆ. ನಿಯಮದ ಪ್ರಕಾರ ಇರಬೇಕಾದ್ದು ಒಂಬತ್ತು. ಹಾಗೆಂದು ಜನಗಣತಿಯವರು ಸುಳ್ಳು ಬರೆದರೇ? ಇಲ್ಲ. ಜಿಲ್ಲೆ ಎಂಬುದು ಆಡಳಿತದ ಅನುಕೂಲಕ್ಕೆ ಮನುಷ್ಯರು ಅಳತೆ ನೋಡಿ ಕೊಯ್ದ ತುಂಡು. ತೀರಾ ದೊಡ್ಡದಾದರೆ ಒಡೆಯುತ್ತಾರೆ, ತೀರಾ ಚಿಕ್ಕದನ್ನು ಮಾಡುವುದಿಲ್ಲ. ಹಾಗಾಗಿ ಬಹುಪಾಲು ಜಿಲ್ಲೆಗಳು ಹತ್ತರಿಂದ ಇಪ್ಪತ್ತೈದು ಲಕ್ಷದೊಳಗೆ ಸಿಕ್ಕಿಕೊಂಡಿವೆ. ಇದನ್ನು ಮರೆತು, ಕೈಗೆ ಸಿಕ್ಕ ಯಾವ ಅಂಕಿಅಂಶದ ಮೇಲಾದರೂ ಈ ಪರೀಕ್ಷೆ ಹೂಡಿ ‘ಮೋಸ’ ಎಂದು ಕೂಗುವವರು ಇದ್ದಾರೆ. ಖರ್ಚಿನ ಲೆಕ್ಕದಲ್ಲೂ ಇಂಥ ಕೊಯ್ದ ತುಂಡುಗಳಿರುತ್ತವೆ: ದಿನಭತ್ಯೆ ಎಂದು ಎಲ್ಲರಿಗೂ ಕೊಡುವ ಒಂದೇ ಮೊತ್ತ, ಬೆಲೆಯೇ 499 ಆಗಿರುವ ಮೊಬೈಲ್ ರೀಚಾರ್ಜು, ಬಂಕಿನಲ್ಲಿ ಐನೂರಕ್ಕೆ ಸಾವಿರಕ್ಕೆ ಎಂದು ಹಾಕಿಸುವ ಪೆಟ್ರೋಲು. ಪರೀಕ್ಷೆಗೆ ಮುಂಚೆ ಇವನ್ನೆಲ್ಲ ಬದಿಗೆ ತೆಗೆದಿಡಬೇಕು. ತೆಗೆಯದೆ ಎಣಿಸಿದರೆ ಮೊದಲು ಸಿಕ್ಕಿಬೀಳುವುದು ರೀಚಾರ್ಜು ಮಾಡಿಸಿದ ಅಮಾಯಕ.

ಇನ್ನು ಸುಳ್ಳಿನ ಕೈಬರಹ. ಇದಕ್ಕೆ ಎಲ್ಲರೂ ಉದಾಹರಿಸುವ ಪ್ರಕರಣ ಅಮೆರಿಕದ ಅರಿಜೋನಾ ರಾಜ್ಯದ್ದು. ಅಲ್ಲಿನ ರಾಜ್ಯ ಖಜಾನೆ ಕಚೇರಿಯ ಮ್ಯಾನೇಜರ್ ಒಬ್ಬ 1992ರ ಅಕ್ಟೋಬರಿನಲ್ಲಿ, ಹತ್ತೇ ದಿನಗಳ ಅಂತರದಲ್ಲಿ, ಇಲ್ಲದ ಸರಬರಾಜುದಾರನ ಹೆಸರಿಗೆ 23 ಚೆಕ್ಕುಗಳನ್ನು ಬರೆದ. ಒಟ್ಟು ಮೊತ್ತ 18,78,687 ಡಾಲರ್ 58 ಸೆಂಟ್. ಹೊಸ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕಾವಲೇ ಇಲ್ಲ ಎಂದು ತೋರಿಸಿಕೊಡಲು ಹೀಗೆ ಮಾಡಿದೆ ಎಂಬುದು ಅವನ ಸಮಜಾಯಿಷಿ. ನ್ಯಾಯಾಲಯ ಅದನ್ನು ಒಪ್ಪದೆ 1993ರಲ್ಲಿ ತಪ್ಪಿತಸ್ಥನೆಂದಿತು. ಚೆಕ್ಕುಗಳನ್ನು ನೋಡಿ. ಮೊದಲ ದಿನ 1,927 ಡಾಲರಿನದೊಂದು, 27,902ರದೊಂದು: ನೀರಿಗಿಳಿಯುವ ಮುನ್ನ ಕಾಲ್ಬೆರಳು ಅದ್ದಿ ನೋಡಿದ ಹಾಗೆ. ಆಮೇಲೆ ಧೈರ್ಯ ಬಂದಿದೆ: 86,241, 72,117, 81,321, 97,473. ಉಳಿದ ಹದಿನೇಳೂ ಹೀಗೆಯೇ. 23ರಲ್ಲಿ 9ರಿಂದ ಶುರುವಾದವು ಒಂಬತ್ತು, 8ರಿಂದ ಒಂಬತ್ತು, 7ರಿಂದ ಮೂರು. 7, 8, 9 ಮೂರೂ ಸೇರಿ ಬರಬೇಕಾದ್ದು ಮೂರೋ ನಾಲ್ಕೋ, ಬಂದದ್ದು 21. ಒಂದೂ ಒಂದು ಲಕ್ಷ ಡಾಲರ್ ಮುಟ್ಟಿಲ್ಲ. ಗುಂಡು ಮೊತ್ತ ಒಂದೂ ಇಲ್ಲ, ಒಂದು ಮೊತ್ತ ಎರಡು ಸಲ ಬಂದಿಲ್ಲ. ಲಕ್ಷ ದಾಟಿದರೆ ಇನ್ನೊಬ್ಬರ ಕಣ್ಣು ಬೀಳುತ್ತದೆ ಎಂಬ ಭಯ ಮೇಲಿನಿಂದ ಒತ್ತುತ್ತದೆ, ಹೆಚ್ಚು ಹೊಡೆಯಬೇಕೆಂಬ ಆಸೆ ಕೆಳಗಿನಿಂದ ದೂಡುತ್ತದೆ. ನಡುವೆ ಸಿಕ್ಕಿದ ಕೈ ಎಂಬತ್ತು ತೊಂಬತ್ತು ಸಾವಿರಗಳಲ್ಲೇ ಸುಳಿದಾಡುತ್ತದೆ.

ಬೆನ್‌ಫರ್ಡ್ ನಿಯಮವನ್ನು ಲೆಕ್ಕಪರಿಶೋಧನೆಗೆ ತಂದವರಲ್ಲಿ ಮುಖ್ಯರಾದ ಮಾರ್ಕ್ ನಿಗ್ರಿನಿ 1999ರಲ್ಲಿ ಈ ಪಟ್ಟಿಯನ್ನು ವೃತ್ತಿಪತ್ರಿಕೆಯೊಂದರಲ್ಲಿ ವಿವರಿಸಿದ ಮೇಲೆ ಅದು ಪಾಠದ ಉದಾಹರಣೆಯಾಯಿತು. ನನಗೆ ಮಾತ್ರ ಇದು ನಿಯಮದ ಶಕ್ತಿಗೆ ಒಳ್ಳೆಯ ಸಾಕ್ಷಿಯೆನಿಸುವುದಿಲ್ಲ. ಈ 23 ಚೆಕ್ಕುಗಳನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟರೆ ಲಾಗರಿದಮ್ ಗೊತ್ತಿಲ್ಲದ ಗುಮಾಸ್ತನೂ ಹುಬ್ಬೇರಿಸುತ್ತಾನೆ. ತೊಂದರೆ ಇರುವುದು ಯಾರೂ ಹಾಗೆ ಒಂದೇ ಹಾಳೆಯಲ್ಲಿ ಬರೆದು ಕೊಡುವುದಿಲ್ಲ ಎಂಬಲ್ಲಿ. ಖರ್ಚಿನ ಬಿಲ್ಲುಗಳು ನಾಲ್ವತ್ತು ಜನರಿಂದ, ಹನ್ನೆರಡು ತಿಂಗಳಲ್ಲಿ, ಸಾವಿರಗಟ್ಟಲೆ ಬಂದು ಬೀಳುತ್ತವೆ. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಣ್ಣು ಸೋಲುವ ಆ ಜಾಗದಲ್ಲಿ ಎಣಿಕೆಗೆ ಬೆಲೆ ಬರುತ್ತದೆ.

ಅರಿಜೋನಾದ ಲಕ್ಷ ಡಾಲರಿನಂಥ ಗೆರೆಗಳು ನಮ್ಮ ಕಚೇರಿಗಳಲ್ಲೂ ಬೇಕಾದಷ್ಟಿವೆ. ಐದು ಸಾವಿರ ಮೀರಿದ ರಸೀದಿಗೆ ರೆವಿನ್ಯೂ ಸ್ಟಾಂಪ್ ಹಚ್ಚಬೇಕು. ವ್ಯಾಪಾರದ ಲೆಕ್ಕದಲ್ಲಿ ಒಬ್ಬರಿಗೆ ಒಂದೇ ದಿನ ಹತ್ತು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆದಾಯ ತೆರಿಗೆ ಇಲಾಖೆ ಅದನ್ನು ಖರ್ಚೆಂದು ಒಪ್ಪುವುದಿಲ್ಲ. 2017ಕ್ಕೆ ಮುಂಚೆ ಈ ಮಿತಿ ಇಪ್ಪತ್ತು ಸಾವಿರವಿತ್ತು. ಇವುಗಳ ಜತೆಗೆ ಪ್ರತಿ ಸಂಸ್ಥೆ ತಾನೇ ಹಾಕಿಕೊಂಡ ಗೆರೆಗಳು: ಇಷ್ಟರೊಳಗೆ ಬಿಲ್ ಬೇಡ, ಇಷ್ಟರವರೆಗೆ ಶಾಖಾ ಮ್ಯಾನೇಜರ್ ಸಹಿ ಸಾಕು. ಗೆರೆ ಎಳೆದ ಕಡೆಯೆಲ್ಲ ಅದರ ಕೆಳಗೆ ಮೊತ್ತಗಳು ಗುಂಪುಗೂಡುತ್ತವೆ.

ಒಂದು ಲೆಕ್ಕ ಬಿಡಿಸಿ ನೋಡೋಣ. ಕಲ್ಪಿತ ಲೆಕ್ಕ, ಅಂಕಿಗಳು ನಾನೇ ಇಟ್ಟವು. ನಾಲ್ವತ್ತು ಜನ ಊರೂರು ತಿರುಗುವ ಕೆಲಸದ ಒಂದು ಸಂಸ್ಥೆ. ಐನೂರು ರೂಪಾಯಿಯೊಳಗಿನ ಖರ್ಚಿಗೆ ಬಿಲ್ ಬೇಡ, ಸ್ವಂತ ಕೈಯಲ್ಲಿ ವೋಚರ್ ಬರೆದು ಸಹಿ ಮಾಡಿದರೆ ಸಾಕು. ದಿನಭತ್ಯೆ, ರೀಚಾರ್ಜುಗಳನ್ನು ತೆಗೆದ ಮೇಲೆ ವರ್ಷಕ್ಕೆ 2,000 ಸಾಲು ಉಳಿದಿವೆ. ಮೊತ್ತ A ಕಾಲಮ್ಮಿನಲ್ಲಿದ್ದರೆ ಎಕ್ಸೆಲ್‌ನಲ್ಲಿ ಇಷ್ಟು ಸಾಕು. ಮೊದಲನೆಯದು ಮೊದಲ ಅಂಕಿ ಕೊಡುತ್ತದೆ, ಎರಡನೆಯದು ಮೊದಲ ಎರಡು ಅಂಕಿಗಳನ್ನು.

```
=LEFT(A2,1)
=LEFT(A2,2)
```

ಎಣಿಸಿದಾಗ 4ರ ಸಾಲಿನಲ್ಲಿ 194 ಇರಬೇಕಾದಲ್ಲಿ 310 ಬಂದಿವೆ. ಆಕಸ್ಮಿಕದಿಂದ ಹತ್ತಿಪ್ಪತ್ತು ಹೆಚ್ಚುಕಮ್ಮಿ ಆದೀತು, 116 ಆಗದು. ಈಗ ಎರಡು ಅಂಕಿ ನೋಡಬೇಕು. 40ರಿಂದ 44ರವರೆಗೆ 102ರ ಜಾಗದಲ್ಲಿ 105, ಅಂದರೆ ತಕರಾರಿಲ್ಲ. 45ರಿಂದ 49ರವರೆಗೆ 92ರ ಜಾಗದಲ್ಲಿ 205. 49 ಒಂದರಲ್ಲೇ ಹದಿನೇಳೋ ಹದಿನೆಂಟೋ ಇರಬೇಕಾದಲ್ಲಿ 70. ಗುಡ್ಡ ಎದ್ದಿರುವುದು ಐನೂರರ ಗೆರೆಯ ಬುಡದಲ್ಲೇ.

ಇಲ್ಲಿಗೇ ನಿಂತು ಮೋಸ ಎಂದುಬಿಡುವುದು ಸುಲಭ. ಆದರೆ ಗುಡ್ಡ ಎದ್ದ ಮಣ್ಣು ಎಲ್ಲಿಂದ ಬಂತು ಎಂದು ಕೇಳದೆ ಹಾಗೆ ಹೇಳಬಾರದು. ಪಕ್ಕದ ಹಳ್ಳಗಳನ್ನು ನೋಡಬೇಕು. ನಿಜವಾಗಿ 520, 540 ಖರ್ಚು ಮಾಡಿ, ಬಿಲ್ ಸಿಗದೆ, ‘ಹೋಗಲಿ’ ಎಂದು 490 ಬರೆದವರಿರುತ್ತಾರೆ. ಅವರು ಸಂಸ್ಥೆಗೆ ಮೋಸ ಮಾಡಿಲ್ಲ, ತಾವೇ ಮೂವತ್ತೋ ಐವತ್ತೋ ಕಳೆದುಕೊಂಡಿದ್ದಾರೆ. ಹೀಗಾಗಿದ್ದರೆ 4ರಲ್ಲಿ ಹೆಚ್ಚಿದಷ್ಟು 5ರಲ್ಲಿ ಕಡಿಮೆಯಾಗಿರಬೇಕು. ಇನ್ನು ಕೆಲವರು ಒಂಬೈನೂರರ ಒಂದೇ ಖರ್ಚನ್ನು 450ರ ಎರಡು ವೋಚರು ಮಾಡಿರಬಹುದು. ಅದು ನಿಯಮ ಮೀರಿದ್ದು, ಆದರೆ ಖರ್ಚು ನಿಜದ್ದು. ಹಾಗಾಗಿದ್ದರೆ 8 ಮತ್ತು 9ರ ಸಾಲುಗಳು ಬರಿದಾಗಿರಬೇಕು. ನಮ್ಮ ಲೆಕ್ಕದಲ್ಲಿ 5ರ ಸಾಲಿನಲ್ಲಿ 158ರ ಜಾಗಕ್ಕೆ 151 ಇವೆ, 8 ಮತ್ತು 9 ಸೇರಿ 194ರ ಜಾಗಕ್ಕೆ 183. ಒಂದು ಅಂಕಿಯ ಪಾಲು ಏರಿದಾಗ ಉಳಿದೆಲ್ಲವುಗಳ ಪಾಲು ತುಸು ತುಸು ಇಳಿಯಲೇಬೇಕು, ಇಳಿದಿರುವುದೂ ಅಷ್ಟೇ. ಹಳ್ಳ ಎಲ್ಲೂ ಬಿದ್ದಿಲ್ಲ. ಅಂದರೆ ಈ ನೂರಹದಿಮೂರು ಸಾಲುಗಳು ಬೇರೆ ಕಡೆಯಿಂದ ಸರಿದು ಬಂದವಲ್ಲ, ಮೇಲಿಂದ ಬಂದು ಸೇರಿದವು. ಬರಿಯ ಮೊದಲ ಅಂಕಿಯ ಚಿತ್ರ ನೋಡಿ ತೀರ್ಪು ಕೊಡುವವರು ತಪ್ಪಿಸಿಕೊಳ್ಳುವುದು ಈ ಹೆಜ್ಜೆಯನ್ನೇ. ನನ್ನ ಪ್ರಕಾರ ಇಡೀ ಪರೀಕ್ಷೆಯ ಸತ್ವ ಇರುವುದೂ ಇಲ್ಲೇ.

ಮುಂದಿನದು ಯಾರು ಎಂಬ ಪ್ರಶ್ನೆ. 45ರಿಂದ 49ರ 205 ಸಾಲುಗಳನ್ನು ಹೆಸರಿನ ಪ್ರಕಾರ ವಿಂಗಡಿಸಿದರೆ 118 ಮೂವರದೇ, ಉಳಿದ 37 ಜನರದ್ದು ಒಟ್ಟು 87. ಈಗ ಕಡತ ಬಿಚ್ಚುವ ಹೊತ್ತು. ಮೂವರಲ್ಲಿ ಒಬ್ಬರದು 44 ಸಾಲು, ನಲವತ್ತನಾಲ್ಕೂ 460 ರೂಪಾಯಿ. ಅವರಿಗೆ ಪ್ರತಿ ವಾರ ಒಂದೇ ದೂರದ ಸೈಟಿಗೆ ಹೋಗುವ ಕೆಲಸ, ಅದೇ ಟ್ಯಾಕ್ಸಿ, ಅದೇ ಬಾಡಿಗೆ. ತಪ್ಪಿಲ್ಲ. ಒಂದೇ ಮೊತ್ತ ಮತ್ತೆ ಮತ್ತೆ ಬರುವುದು ಸಾಮಾನ್ಯವಾಗಿ ಜೀವನದ ಲಕ್ಷಣ; ಮೋಸಗಾರ ಅದಕ್ಕೆ ಹೆದರುತ್ತಾನೆ. ಇನ್ನಿಬ್ಬರ 74 ಸಾಲುಗಳಲ್ಲಿ ಮೊತ್ತಗಳು ಹೀಗಿವೆ: 492, 487, 496, 478, 494. ಒಮ್ಮೆ ಬರೆದದ್ದು ಬೆನ್ನಿಗೇ ಮತ್ತೆ ಬರದು, ಸೊನ್ನೆಯಲ್ಲಿ ಮುಗಿಯುವುದು ಅಪರೂಪ. ಬಾಡಿಗೆ ಕಾರಿನವನಿಗೆ ನಗದು ಎಣಿಸಿ ಕೊಡುವಾಗ 487 ರೂಪಾಯಿ ಕೊಡುವವರು ಎಷ್ಟು ಜನ? ಆದರೂ ಇದು ಅನುಮಾನ ಅಷ್ಟೇ. ಆಮೇಲೆ ವೋಚರಿನ ತಾರೀಕುಗಳನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡಿದಾಗ, ಇಪ್ಪತ್ತೊಂದು ವೋಚರುಗಳು ಆ ಇಬ್ಬರು ರಜೆಯಲ್ಲಿದ್ದ ದಿನಗಳವು ಎಂದು ಕಂಡರೆ, ಅದು ಸಾಕ್ಷ್ಯ. ಆ ಸಾಕ್ಷ್ಯವನ್ನು ಕೊಟ್ಟದ್ದು ಹಾಜರಿ ಪುಸ್ತಕ, ಬೆನ್‌ಫರ್ಡ್ ಅಲ್ಲ. ಎರಡು ಸಾವಿರದಲ್ಲಿ ಯಾವ 74 ವೋಚರುಗಳಿಗೆ ಹಾಜರಿ ಪುಸ್ತಕ ತೆರೆಯಬೇಕೆಂದು ಹೇಳಿದ್ದು ಮಾತ್ರ ಬೆನ್‌ಫರ್ಡ್.

ಒಬ್ಬೊಬ್ಬ ನೌಕರನ ಲೆಕ್ಕವನ್ನೇ ನೇರವಾಗಿ ಈ ಪರೀಕ್ಷೆಗೆ ಒಡ್ಡಿದರೆ ಸುತ್ತು ದಾರಿ ತಪ್ಪುತ್ತದಲ್ಲ ಎಂದು ಕೇಳಬಹುದು. ತಪ್ಪುವುದು ದಾರಿಯಲ್ಲ, ಲೆಕ್ಕ. ಒಬ್ಬ ವರ್ಷಕ್ಕೆ ಐವತ್ತು ಬಿಲ್ ಕೊಟ್ಟರೆ 1ರಿಂದ ಶುರುವಾಗುವವು ಹದಿನೈದು ಇರಬೇಕು. ಆದರೆ ಒಂಬತ್ತಾದರೂ ಇಪ್ಪತ್ತೊಂದಾದರೂ ಅದು ಆಕಸ್ಮಿಕದ ಮಿತಿಯೊಳಗೇ. ಅಷ್ಟು ಸಡಿಲವಾದ ಜರಡಿಯಲ್ಲಿ ಏನೂ ನಿಲ್ಲದು. ಸಾವಿರದ ಹತ್ತಿರ ಸಾಲುಗಳಿದ್ದಾಗಲೇ ಜರಡಿ ಬಿಗಿಯಾಗುವುದು. ಆದ್ದರಿಂದ ಮೊದಲು ಇಡೀ ಸಂಸ್ಥೆ, ಆಮೇಲೆ ಗುಡ್ಡ ಎದ್ದ ಜಾಗ, ಆಮೇಲೆ ಹೆಸರು. ಈ ಕ್ರಮ ತಿರುವುಮುರುವು ಮಾಡಿದರೆ ನಲವತ್ತು ಜನರಲ್ಲಿ ಒಬ್ಬಿಬ್ಬರ ಲೆಕ್ಕ ಬರಿಯ ಆಕಸ್ಮಿಕದಿಂದಲೇ ವಕ್ರವಾಗಿ ಕಾಣುತ್ತದೆ, ಅವರ ಮರ್ಯಾದೆ ಹೋಗುತ್ತದೆ.

ಈ ನಿಯಮ ಈಗ ಎಲ್ಲರಿಗೂ ಗೊತ್ತು, ಜಾಣನಾದವನು ಅದಕ್ಕೆ ಹೊಂದುವಂತೆಯೇ ಸುಳ್ಳು ಬರೆಯುತ್ತಾನೆ ಎಂಬ ಆಕ್ಷೇಪವೂ ಇದೆ. ಬರೆಯಬಹುದು. ಆದರೆ ಹಾಗೆ ಬರೆಯಲು ತೆರಬೇಕಾದ ಬೆಲೆ ನೋಡಿ. ಐನೂರರ ಗೆರೆ ದಾಟುವಂತಿಲ್ಲ, ಅದರೊಳಗೆ ಇಳಿಜಾರಿಗೆ ತಕ್ಕಂತೆ ನಡೆಯಬೇಕು ಎಂದರೆ ಅವನ ಮೂರಂಕಿಯ ಸುಳ್ಳುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನೂರರಿಂದ ಇನ್ನೂರರೊಳಗೆ ಇರಬೇಕಾಗುತ್ತದೆ. 490 ಎಂದು ಬರೆಯಬಹುದಾದ ವೋಚರಿನಲ್ಲಿ 140 ಬರೆದು ಸುಮ್ಮನಿರಬೇಕು. ಅಷ್ಟು ಸಂಯಮ ಇದ್ದವನು ಈ ಕೆಲಸಕ್ಕೆ ಇಳಿಯುವುದು ಕಡಿಮೆ. ಇಳಿದರೂ ಅವನಿಂದ ಸಂಸ್ಥೆಗೆ ಆಗುವ ನಷ್ಟ ಬಹಳ ಚಿಕ್ಕದು.

ನನಗೆ ನಿಜವಾಗಿ ಗಟ್ಟಿ ಎನಿಸುವ ಆಕ್ಷೇಪ ಬೇರೆಯೇ ಇದೆ, ಅದಕ್ಕೆ ಈ ಪರೀಕ್ಷೆಯಲ್ಲಿ ಉತ್ತರವಿಲ್ಲ. ಬೆನ್‌ಫರ್ಡ್ ಇಳಿಜಾರಿಗೆ ಒಂದು ವಿಚಿತ್ರ ಗುಣವಿದೆ: ಎಲ್ಲ ಸಂಖ್ಯೆಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೂ ಅದು ಹಾಗೇ ಇರುತ್ತದೆ. ರೂಪಾಯಿಯ ಲೆಕ್ಕವನ್ನು ಡಾಲರಿಗೆ ತಿರುಗಿಸಿ, ಮೈಲಿಯನ್ನು ಕಿಲೋಮೀಟರಿಗೆ ತಿರುಗಿಸಿ, 1ರ ಪಾಲು ಮೂವತ್ತೇ. ಗಣಿತಕ್ಕೆ ಇದು ಸೊಗಸು, ಲೆಕ್ಕಪರಿಶೋಧಕನಿಗೆ ಸಂಕಟ. ಯಾಕೆಂದರೆ ಖರ್ಚನ್ನು ಹುಟ್ಟಿಸಿ ಬರೆಯುವವನು ಇಲ್ಲಿ ಸಿಗುತ್ತಾನೆ. ಮಾಡಿದ ಪ್ರತಿ ಖರ್ಚಿಗೂ ನೂರಕ್ಕೆ ಹತ್ತು ಸೇರಿಸಿ ಬರೆಯುವವನು ಸಿಗುವುದಿಲ್ಲ. ಅವನು ಎಲ್ಲವನ್ನೂ 1.1ರಿಂದ ಗುಣಿಸಿದ್ದಾನೆ ಅಷ್ಟೇ. ನಿಜದ ಇಳಿಜಾರು ಅವನ ಸುಳ್ಳಿನಲ್ಲೂ ಚೂರೂ ಮುಕ್ಕಾಗದೆ ಉಳಿದಿರುತ್ತದೆ. ಅಂಥವನ ಬಿಲ್ಲುಗಳನ್ನು ಕಂಪ್ಯೂಟರಿಗೆ ಎಷ್ಟು ಸಲ ಹಾಕಿ ತೆಗೆದರೂ ಶುದ್ಧವಾಗಿಯೇ ಹೊರಬರುತ್ತವೆ. ಅವನಿಗಾಗಿ ಲೆಕ್ಕಪತ್ರ ವಿಭಾಗದವರು ಹಳೆಯ ಕೆಲಸವನ್ನೇ ಮಾಡಬೇಕು: ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ, ಆ ತಾರೀಕಿನಂದು ರೂಮಿನ ಬಾಡಿಗೆ ಎಷ್ಟಿತ್ತು ಎಂದು ಲಾಡ್ಜಿನವರನ್ನು ಕೇಳಬೇಕು.